ಹಾಲು ಕಕ್ಕುವ ಕೂಸು ಮತ್ತು ತೂಕದ ಕಾರ್ಡು

ಹುಟ್ಟಿ ಮೂರು ತಿಂಗಳೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ದಿನಕ್ಕೆ ಒಂದು ಸಲವಾದರೂ ಕುಡಿದ ಹಾಲನ್ನು ಕಕ್ಕುತ್ತವೆ. ನಾಲ್ಕನೆಯ ತಿಂಗಳ ಹೊತ್ತಿಗೆ ಇದು ಇನ್ನೂ ಏರಿ ಮೂರರಲ್ಲಿ ಎರಡು ಮಕ್ಕಳಲ್ಲಿ ಕಾಣಿಸುತ್ತದೆ. ಆಮೇಲೆ ಇಳಿಯುತ್ತ ಬಂದು, ವರ್ಷ ತುಂಬುವಾಗ ನೂರರಲ್ಲಿ ಐದು ಮಕ್ಕಳಲ್ಲಷ್ಟೇ ಉಳಿಯುತ್ತದೆ. ಅಮೆರಿಕದ ಷಿಕಾಗೊದ ಮಕ್ಕಳ ವೈದ್ಯರು ಒಂಬೈನೂರಕ್ಕೂ ಹೆಚ್ಚು ತಂದೆತಾಯಂದಿರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕವಿದು. ಕಾಸರಗೋಡಿನ ಬಾಣಂತಿ ಕೋಣೆಗಳಲ್ಲಿ ಹಿರಿಯ ಹೆಂಗಸರು ಲೆಕ್ಕವಿಲ್ಲದೆಯೇ ಹೇಳಿಕೊಂಡು ಬಂದದ್ದೂ ಇದನ್ನೇ: ಮಕ್ಕಳು ಕಕ್ಕುತ್ತವೆ, ಕೂತುಕೊಳ್ಳಲು ಕಲಿತ ಮೇಲೆ ನಿಲ್ಲುತ್ತದೆ. ಹಾಗಿದ್ದೂ ಇವತ್ತು ಹೆಗಲ ಮೇಲಿನ ಬಟ್ಟೆ ನಾಲ್ಕು ಸಲ ಒದ್ದೆಯಾದರೆ ಮನೆಯಲ್ಲಿ ಗಾಬರಿ ಶುರುವಾಗುತ್ತದೆ. ‘ರಿಫ್ಲಕ್ಸ್’ ಎಂಬ ಮಾತು ಫೋನಿನಲ್ಲಿ ಓದಲು ಸಿಗುತ್ತದೆ, ಮೆಡಿಕಲ್ ಅಂಗಡಿಯಿಂದ ಹನಿ ಔಷಧಿ ಬರುತ್ತದೆ. ಇನ್ನೊಂದು ಕಡೆ, ನಿಜವಾಗಿ ಓಡಬೇಕಾದ ವಾಂತಿಯನ್ನು ‘ಎಲ್ಲ ಮಕ್ಕಳೂ ಕಕ್ಕುತ್ತವಲ್ಲ’ ಎಂದು ಎರಡು ದಿನ ನೋಡುತ್ತ ಕೂರುವ ಮನೆಗಳೂ ಇವೆ. ಈ ಎರಡೂ ತಪ್ಪುಗಳ ಬೇರು ಒಂದೇ ಎಂಬುದು ನನ್ನ ವಾದ. ಮಗು ಎಷ್ಟು ಕಕ್ಕಿತು, ಎಷ್ಟು ಸಲ ಕಕ್ಕಿತು ಎಂದು ನಾವು ಎಣಿಸುತ್ತೇವೆ. ಆದರೆ ರೋಗವನ್ನೂ ಆರೋಗ್ಯವನ್ನೂ ಬೇರ್ಪಡಿಸುವುದು ಆ ಎಣಿಕೆಯಲ್ಲ. ಮಗುವಿನ ತೂಕ, ವಾಂತಿಯ ಬಣ್ಣ, ಅದು ಹೊರಬರುವ ರಭಸ, ಅದು ಶುರುವಾದ ವಯಸ್ಸು, ಇವು ಬೇರ್ಪಡಿಸುತ್ತವೆ.

ಮೊದಲು ಹಾಲು ಯಾಕೆ ಹಿಂದಕ್ಕೆ ಬರುತ್ತದೆ ಎಂಬುದನ್ನು ನೋಡೋಣ. ಅನ್ನನಾಳ ಹೊಟ್ಟೆಯನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗುವಾಗ ತೆರೆದುಕೊಂಡು, ಉಳಿದ ಹೊತ್ತು ಮುಚ್ಚಿಕೊಂಡಿರುವುದು ಅದರ ಕೆಲಸ. ಆದರೆ ನುಂಗದೇ ಇರುವಾಗಲೂ ಅದು ಆಗಾಗ ಕೆಲವು ಕ್ಷಣ ಸಡಿಲಗೊಳ್ಳುತ್ತದೆ, ಹೊಟ್ಟೆ ಉಬ್ಬಿದ್ದಾಗ ಹೆಚ್ಚಾಗಿಯೇ. ದೊಡ್ಡವರಲ್ಲೂ ಹೀಗಾಗುತ್ತದೆ, ಆಗ ನಮಗೆ ತೇಗು ಬರುತ್ತದೆ. ಕೂಸಿನ ಸಂಗತಿ ಬೇರೆ. ಅದು ಕುಡಿಯುವುದೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಮಲಗಿರುತ್ತದೆ, ಅದರ ಅನ್ನನಾಳ ಗೇಣುದ್ದವೂ ಇಲ್ಲ. ಜೊತೆಗೆ, ಅದು ದಿನಕ್ಕೆ ಕುಡಿಯುವ ಹಾಲು ತನ್ನ ಒಂದೊಂದು ಕಿಲೋ ತೂಕಕ್ಕೆ 150 ಮಿಲಿಲೀಟರಿನಷ್ಟು. ಅರುವತ್ತು ಕಿಲೋ ತೂಗುವ ದೊಡ್ಡವರೊಬ್ಬರು ಅದೇ ಲೆಕ್ಕದಲ್ಲಿ ಕುಡಿಯುವುದಾದರೆ ದಿನಕ್ಕೆ ಒಂಬತ್ತು ಲೀಟರ್ ಹಾಲು ಕುಡಿಯಬೇಕಾದೀತು. ಅಷ್ಟು ತುಂಬಿದ ಪುಟ್ಟ ಹೊಟ್ಟೆಯ ಬಾಗಿಲು ಒಂದು ಕ್ಷಣ ಸಡಿಲವಾದರೂ ಹಾಲು ಬಾಯಿಗೆ ಬಂದೇ ಬರುತ್ತದೆ. ಮಗು ಕೂರತೊಡಗಿ, ಗಟ್ಟಿ ಆಹಾರ ತಿನ್ನತೊಡಗಿ, ಅನ್ನನಾಳ ಉದ್ದವಾದ ಹಾಗೆ ಇದು ತಾನಾಗಿ ಕಡಿಮೆಯಾಗುತ್ತದೆ. ಕಕ್ಕಿದ ಹಾಲು ಮೊಸರಿನಂತೆ ಒಡೆದಿದ್ದರೆ ಅದು ಸ್ವಲ್ಪ ಹೊತ್ತು ಹೊಟ್ಟೆಯಲ್ಲಿತ್ತು, ಹೊಟ್ಟೆಯ ಆಮ್ಲ ಅದನ್ನು ಮುಟ್ಟಿತ್ತು ಎಂದಷ್ಟೇ ಅರ್ಥ. ತಾಯಿಯ ಹಾಲು ಕೆಟ್ಟಿದೆ ಎಂದಲ್ಲ. ಪ್ರಮಾಣದ ವಿಚಾರದಲ್ಲಿ ಕಣ್ಣು ಮೋಸ ಮಾಡುತ್ತದೆ. ಎರಡು ಟೀ ಚಮಚ ನೀರನ್ನು ಮಗುವಿನ ಬಟ್ಟೆಯ ಮೇಲೆ ಚೆಲ್ಲಿ ನೋಡಿ, ‘ಕುಡಿದದ್ದೆಲ್ಲ ಹೋಯಿತು’ ಎನ್ನುವಷ್ಟು ಅಗಲಕ್ಕೆ ಅದು ಹರಡುತ್ತದೆ.

ಹಾಗಾದರೆ ಕುಡಿದದ್ದು ಮೈಗೆ ಹತ್ತುತ್ತಿದೆಯೇ ಎಂದು ತಿಳಿಯುವುದು ಹೇಗೆ? ಅದಕ್ಕೆ ಬೇಕಾದ ಸಾಧನ ಪ್ರತಿ ಮನೆಯಲ್ಲೂ ಇದೆ, ಆದರೆ ಬೀರುವಿನೊಳಗಿದೆ. ತಾಯಿ-ಮಗುವಿನ ರಕ್ಷಣಾ ಕಾರ್ಡಿನಲ್ಲಿ ಲಸಿಕೆಯ ಕಾಲಮ್ಮು ಮಾತ್ರ ಇರುವುದಲ್ಲ, ತೂಕದ ಗೆರೆಗಳ ನಕ್ಷೆಯೂ ಇದೆ. ಒಂದು ಲೆಕ್ಕವನ್ನೇ ಕಲ್ಪಿಸಿಕೊಳ್ಳೋಣ. ಮುಳ್ಳೇರಿಯದ ಕಡೆಯ ಒಂದು ಗಂಡು ಕೂಸು ಹುಟ್ಟುವಾಗ 3 ಕಿಲೋ ಇತ್ತು ಎನ್ನಿ. ಮೊದಲ ಕೆಲವು ದಿನ ತೂಕ ಇಳಿಯುವುದು ಸಹಜ, ಹುಟ್ಟಿದಾಗಿನ ತೂಕದ ಹತ್ತನೆಯ ಒಂದು ಪಾಲಿನವರೆಗೂ ಇಳಿಯಬಹುದು. ಹಾಗಾಗಿ ಮೂರನೆಯ ದಿನ 2.8 ಇದ್ದದ್ದು ಎರಡು ವಾರಕ್ಕೆ ಮತ್ತೆ 3 ಕಿಲೋಗೆ ಬಂತು. ಆರನೆಯ ವಾರದ ಲಸಿಕೆಗೆ ಹೋದಾಗ 4.1, ಹತ್ತನೆಯ ವಾರ 5, ಹದಿನಾಲ್ಕನೆಯ ವಾರ 5.7. ಮೊದಲ ಮೂರು ತಿಂಗಳು ದಿನಕ್ಕೆ ಕನಿಷ್ಠ 25-30 ಗ್ರಾಂ ಏರಬೇಕೆಂಬ ಲೆಕ್ಕವನ್ನು ಈ ಮಗು ಒಳ್ಳೆಯ ರೀತಿಯಲ್ಲೇ ಮುಟ್ಟುತ್ತಿದೆ. ದಿನಕ್ಕೆ ಆರೆಂಟು ಸಲ ಮೂತ್ರ ಮಾಡುತ್ತದೆ, ಕಕ್ಕಿದ ಮೇಲೆ ಅಳದೆ ಸುತ್ತ ನೋಡುತ್ತ ಮಲಗಿರುತ್ತದೆ. ಈ ಮಗು ದಿನಕ್ಕೆ ಹತ್ತು ಸಲ ಕಕ್ಕಿದರೂ ಅದಕ್ಕೆ ರೋಗವಿಲ್ಲ. ವೈದ್ಯರ ಪರೀಕ್ಷೆಯಲ್ಲಿ ಬೇರೇನೂ ಕಾಣದಿದ್ದರೆ ಸ್ಕ್ಯಾನ್ ಬೇಡ, ಎಕ್ಸ್‌ರೇ ಬೇಡ, ಔಷಧಿಯೂ ಬೇಡ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗೆ ಹೇಗೂ ಹೋಗುತ್ತೇವೆ. ಆ ಮೂರು ದಿನವೂ ಮಗುವನ್ನು ಬಟ್ಟೆ ಬಿಚ್ಚಿ ತೂಗಿಸಿ, ಸಂಖ್ಯೆಯನ್ನು ಕಾರ್ಡಿನಲ್ಲಿ ಬರೆಸಿಕೊಂಡು ಬಂದರೆ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ನಡುವೆ ಅನುಮಾನ ಬಂದರೆ ಅಂಗನವಾಡಿಯ ತಕ್ಕಡಿ ಇದೆ, ಆಶಾ ಕಾರ್ಯಕರ್ತೆ ಇದ್ದಾರೆ. ಆದಷ್ಟು ಒಂದೇ ತಕ್ಕಡಿಯಲ್ಲಿ ತೂಗುವುದು ಒಳ್ಳೆಯದು, ಯಾಕೆಂದರೆ ಎರಡು ತಕ್ಕಡಿಗಳ ನಡುವೆ ನೂರು ಗ್ರಾಮಿನ ವ್ಯತ್ಯಾಸ ಬಂದರೂ ಸುಮ್ಮನೆ ದಿಗಿಲು.

ಇನ್ನು ಅದೇ ಊರಿನ ಎರಡನೆಯ ಕೂಸನ್ನು ನೋಡಿ. ಇದೂ 3 ಕಿಲೋ, ಇದೂ ಮೊದಲ ಮೂರು ವಾರ ಚೆನ್ನಾಗಿಯೇ ಕುಡಿದು 3.4ಕ್ಕೆ ಬಂತು. ನಾಲ್ಕನೆಯ ವಾರದಿಂದ ಕಕ್ಕಲು ಶುರುಮಾಡಿತು. ಮೊದಲು ಬಾಯಂಚಿನಿಂದ ಹರಿಯುತ್ತಿದ್ದದ್ದು ದಿನದಿಂದ ದಿನಕ್ಕೆ ರಭಸವಾಗಿ, ಹಾಲು ಎರಡಡಿ ದೂರಕ್ಕೆ ಚಿಮ್ಮತೊಡಗಿತು. ಬಣ್ಣ ಮಾತ್ರ ಬರೀ ಹಾಲಿನದು. ವಾಂತಿಯಾದ ಕೂಡಲೇ ಮಗು ಮತ್ತೆ ಹಸಿದು ಬಾಯಿ ಹುಡುಕುತ್ತದೆ, ಕುಡಿಯುತ್ತದೆ, ಮತ್ತೆ ಚಿಮ್ಮಿಸುತ್ತದೆ. ಹಸಿವು ಚೆನ್ನಾಗಿದೆಯಲ್ಲ ಎಂದು ಮನೆಯವರಿಗೆ ಸಮಾಧಾನ. ಐದನೆಯ ವಾರ ತೂಗಿದರೆ 3.3. ಈ ಹೊತ್ತಿಗೆ ಅದು ಕಡಿಮೆಯೆಂದರೂ 3.7 ದಾಟಿರಬೇಕಿತ್ತು. ಇದು ರಿಫ್ಲಕ್ಸ್ ಅಲ್ಲವೇ ಅಲ್ಲ. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿಯ ಸ್ನಾಯು ದಪ್ಪಗಾಗಿ ದಾರಿ ಮುಚ್ಚುತ್ತಿದೆ, ಪೈಲೋರಿಕ್ ಸ್ಟೆನೋಸಿಸ್ ಎಂದು ಇದರ ಹೆಸರು. ಹೆಚ್ಚಾಗಿ ಹುಟ್ಟಿದ ಮೂರರಿಂದ ಆರು ವಾರದ ನಡುವೆ ಕಾಣಿಸಿಕೊಳ್ಳುತ್ತದೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ನಾಲ್ಕು ಪಟ್ಟು ಹೆಚ್ಚು. ಕುಡಿದಾದ ಮೇಲೆ ಹೊಟ್ಟೆಯ ಮೇಲೆ ಎಡದಿಂದ ಬಲಕ್ಕೆ ಅಲೆಯೊಂದು ಸಾಗುವುದು ಬರಿಗಣ್ಣಿಗೆ ಕಾಣುವುದುಂಟು. ಅಲ್ಟ್ರಾಸೌಂಡ್ ಒಂದರಲ್ಲೇ ಸಾಮಾನ್ಯವಾಗಿ ಗೊತ್ತಾಗುತ್ತದೆ. ಆಮ್ಲವನ್ನು ಸತತವಾಗಿ ಕಳೆದುಕೊಂಡ ಮಗುವಿನ ರಕ್ತದ ಲವಣಗಳು ಏರುಪೇರಾಗಿರುತ್ತವೆ. ಅದನ್ನು ಡ್ರಿಪ್ ಕೊಟ್ಟು ಮೊದಲು ಸರಿಪಡಿಸಿ, ಆಮೇಲೆ ಆ ಸ್ನಾಯುವನ್ನು ಸೀಳಿ ದಾರಿ ಬಿಡಿಸುತ್ತಾರೆ. ಜರ್ಮನಿಯ ರಾಮ್‌ಸ್ಟೆಟ್ 1912ರಲ್ಲಿ ವಿವರಿಸಿದ ಈ ಶಸ್ತ್ರಚಿಕಿತ್ಸೆ ಇಂದಿಗೂ ಹೆಚ್ಚು ಬದಲಾಗಿಲ್ಲ, ಮಗು ಕೆಲವೇ ದಿನಗಳಲ್ಲಿ ಹಾಲು ಕುಡಿದು ಮನೆಗೆ ಬರುತ್ತದೆ. ಈ ಎರಡು ಕೂಸುಗಳ ಮನೆಗಳಲ್ಲಿ ಒಗೆಯಬೇಕಾದ ಬಟ್ಟೆಗಳ ರಾಶಿ ಒಂದೇ ಎತ್ತರದ್ದು. ಅವುಗಳ ನಡುವಿನ ಅಂತರ ಕಂಡದ್ದು ತಕ್ಕಡಿಯಲ್ಲಿ, ಮತ್ತು ಹಾಲು ಹರಿಯಿತೋ ಚಿಮ್ಮಿತೋ ಎಂಬುದರಲ್ಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ‘ತೂಕ ಏರುತ್ತಿರಬಹುದು, ಆದರೆ ನನ್ನ ಮಗು ಕುಡಿದ ಮೇಲೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ ಗಂಟೆಗಟ್ಟಲೆ ಅಳುತ್ತದೆ. ಅದಕ್ಕೆ ಎದೆಯುರಿ ಇಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ಆಮ್ಲ ತಗ್ಗಿಸುವ ಔಷಧಿ ಕೊಟ್ಟರೆ ಏನು ನಷ್ಟ?’ ತಾಯಿಯ ಈ ಪ್ರಶ್ನೆಗೆ ಪರೀಕ್ಷೆ ಮಾಡಿ ನೋಡಿದ ಉತ್ತರವೇ ಬೇಕು, ಅದು ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಅಳುವ, ಕಕ್ಕುವ 162 ಕೂಸುಗಳನ್ನು ಸಮನಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲ್ಯಾನ್ಸೊಪ್ರಜೋಲ್ ಎಂಬ ಆಮ್ಲ ತಗ್ಗಿಸುವ ಔಷಧಿ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಹುಸಿಮದ್ದು. ಯಾರಿಗೆ ಯಾವುದು ಸಿಕ್ಕಿದೆ ಎಂದು ತಾಯಂದಿರಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ನಾಲ್ಕು ವಾರದಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 54 ಮಕ್ಕಳು ಸುಧಾರಿಸಿದರು. ಹುಸಿಮದ್ದು ಪಡೆದವರಲ್ಲೂ ಸುಧಾರಿಸಿದ್ದು ನೂರಕ್ಕೆ 54. ವ್ಯತ್ಯಾಸ ಕಂಡದ್ದು ಬೇರೆ ಕಡೆ: ಗಂಭೀರ ತೊಂದರೆಗಳು ಔಷಧಿಯ ಗುಂಪಿನಲ್ಲಿ ಹತ್ತು ಮಕ್ಕಳಿಗೆ, ಇನ್ನೊಂದರಲ್ಲಿ ಎರಡಕ್ಕೆ, ಅದರಲ್ಲೂ ಎದೆಯ ಸೋಂಕು ಮುಖ್ಯ. ಹೊಟ್ಟೆಯ ಆಮ್ಲ ರೋಗಾಣುಗಳನ್ನು ಕೊಲ್ಲುವ ಕಾವಲೂ ಆಗಿರುವುದರಿಂದ, ಅದನ್ನು ತೆಗೆದುಹಾಕಿದರೆ ಸೋಂಕಿಗೆ ದಾರಿ ಸಲೀಸಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

‘ಆದರೆ ನಮ್ಮ ಮಗುವಿಗೆ ಹನಿ ಹಾಕಿದ ಮೇಲೆ ಕಡಿಮೆಯಾಯಿತಲ್ಲ’ ಎಂಬ ಮಾತಿಗೂ ಉತ್ತರ ಆ 54ರಲ್ಲೇ ಇದೆ. ಎಳೆಯ ಮಕ್ಕಳ ಅಳು ಆರನೆಯ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಅಳು ಅತಿಯಾದಾಗ ಹನಿ ಶುರುಮಾಡುತ್ತೇವೆ, ಮುಂದಿನ ವಾರಗಳಲ್ಲಿ ಅಳು ಇಳಿದರೆ ಕೀರ್ತಿ ಹನಿಗೆ ಸಲ್ಲುತ್ತದೆ. ನಮ್ಮಲ್ಲಿ ಹೆಚ್ಚು ಕೈಗೆ ಬರುವುದು ಡೊಂಪೆರಿಡೋನ್ ಹನಿ. ಅದು ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು ಎಂಬ ಕಾರಣಕ್ಕೆ ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದರು. ಮಕ್ಕಳಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ ಎಂದು ಕಂಡುಬಂದು, 2019ರಲ್ಲಿ ಬ್ರಿಟನ್ ಹನ್ನೆರಡು ವರ್ಷದೊಳಗಿನವರಿಗೆ ಅದರ ಪರವಾನಗಿಯನ್ನೇ ಹಿಂದಕ್ಕೆ ಪಡೆಯಿತು. ಅಕ್ಕನ ಮಗುವಿಗೆ ಬರೆದುಕೊಟ್ಟ ಬಾಟಲಿಯ ಉಳಿಕೆಯನ್ನು ತಂಗಿಯ ಮಗುವಿಗೆ ಹಾಕುವ ಅಭ್ಯಾಸವಂತೂ ಖಂಡಿತ ನಿಲ್ಲಬೇಕು. ಮೂರು ಕಿಲೋ ಮಗುವಿಗೂ ಆರು ಕಿಲೋ ಮಗುವಿಗೂ ಹನಿಯ ಪ್ರಮಾಣ ಒಂದೇ ಅಲ್ಲ.

ಔಷಧಿ ಬೇಡವೆಂದರೆ ಸುಮ್ಮನೆ ಕೂರಬೇಕೆಂದಲ್ಲ. ಬಾಟಲಿ ಹಾಲು ಕುಡಿಯುವ ಮಗುವಿನಲ್ಲಿ ಮೊದಲು ನೋಡಬೇಕಾದದ್ದು ಪ್ರಮಾಣ. ಮೇಲೆ ಹೇಳಿದ ಕಿಲೋಗೆ 150ರ ಲೆಕ್ಕಕ್ಕಿಂತ ಬಹಳ ಮೇಲೆ ಹೋಗಿದ್ದರೆ, ಒಂದು ಸಲಕ್ಕೆ ಕೊಡುವುದನ್ನು ಕಡಿಮೆ ಮಾಡಿ ಸಲವನ್ನು ಹೆಚ್ಚಿಸಿದರೆ ಸಾಕು. ಎದೆಹಾಲು ಕುಡಿಯುವ ಮಗುವಿಗೆ ಹಾಲನ್ನು ನಿಲ್ಲಿಸುವ ಮಾತೇ ಇಲ್ಲ. ಬಾಯಿ ಸರಿಯಾಗಿ ಹಿಡಿದಿದೆಯೇ ನೋಡಿ, ನಡುವೆ ಒಮ್ಮೆ, ಕೊನೆಗೊಮ್ಮೆ ತೇಗು ಬರಿಸಿ, ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದುಕೊಂಡರೆ ಆಯಿತು. ಕುಡಿಸಿದ ಕೂಡಲೇ ಸೀರೆಯ ಜೋಲಿಯಲ್ಲಿ ಮಲಗಿಸುವುದು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಮಗುವನ್ನು ಅರೆಕುಳಿತ ಭಂಗಿಯಲ್ಲಿ ಇಡುವ ಕುರ್ಚಿಗಳಿಂದ ಹಾಲು ಮೇಲೆ ಬರುವುದು ಕಡಿಮೆಯಾಗದೆ ಹೆಚ್ಚಾಗುತ್ತದೆ ಎಂದು 1983ರಷ್ಟು ಹಿಂದೆಯೇ ತೋರಿಸಿದ್ದಾರೆ, ಬಾಗಿದ ಬೆನ್ನು ಹೊಟ್ಟೆಯನ್ನು ಒತ್ತುತ್ತದೆ. ಜೋಲಿಯಲ್ಲೂ ಮೈ ಹಾಗೆಯೇ ಮಡಚಿಕೊಳ್ಳುತ್ತದೆ. ನಿದ್ದೆಗೆ ಸಮತಟ್ಟಾದ ಹಾಸಿಗೆಯಲ್ಲಿ ಬೆನ್ನ ಮೇಲೆ ಮಲಗಿಸುವುದೇ ಸುರಕ್ಷಿತ. ಬೆನ್ನ ಮೇಲೆ ಮಲಗಿದರೆ ಕಕ್ಕಿದ ಹಾಲು ಶ್ವಾಸಕ್ಕೆ ಹೋಗದೇ ಎಂಬ ಹೆದರಿಕೆ ಎಲ್ಲ ಮನೆಯಲ್ಲೂ ಇದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದಾಗ ಇದು ತಿರುಗುಮುರುಗಾಗುತ್ತದೆ, ಜೊತೆಗೆ ನಿದ್ದೆಯಲ್ಲೇ ಹಠಾತ್ತನೆ ಸಾವು ಸಂಭವಿಸುವ ಅಪಾಯವೂ ಹೆಚ್ಚುತ್ತದೆ. ಬಜೆ ತೇದು ನೆಕ್ಕಿಸುವುದು, ಗ್ರೈಪ್ ವಾಟರ್, ಆರು ತಿಂಗಳಿಗೆ ಮೊದಲೇ ಹಾಲಿಗೆ ಬಾಳೆಕಾಯಿ ಹುಡಿ ಕಲಸಿ ಕೊಡುವುದು, ಇವುಗಳಿಂದ ರಿಫ್ಲಕ್ಸ್ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಾಲನ್ನು ಮಂದಗೊಳಿಸಿದರೆ ಕಕ್ಕುವುದು ಕಣ್ಣಿಗೆ ಸ್ವಲ್ಪ ಕಡಿಮೆ ಕಾಣುವುದು ನಿಜ, ಆದರೆ ಅದು ಬಾಟಲಿ ಹಾಲು ಕುಡಿಯುವ ಮಗುವಿಗೆ ವೈದ್ಯರು ಹೇಳಿ ಮಾಡಿಸಬೇಕಾದ ಕೆಲಸ.

ಇಷ್ಟೆಲ್ಲ ಮಾಡಿಯೂ ತೂಕ ಏರದಿದ್ದರೆ, ಹಾಲು ಕಂಡರೆ ಮುಖ ತಿರುಗಿಸಿ ಅತ್ತರೆ, ಕಕ್ಕಿದ್ದರಲ್ಲಿ ರಕ್ತದ ಎಳೆ ಕಂಡರೆ, ಎದೆಯ ಸೋಂಕು ಮತ್ತೆ ಮತ್ತೆ ಬಂದರೆ, ಆಗ ಅದು ರೋಗ. (ರಕ್ತದ ವಿಚಾರದಲ್ಲಿ, ತಾಯಿಯ ಮೊಲೆತೊಟ್ಟು ಒಡೆದಿದೆಯೇ ಎಂದೂ ನೋಡಬೇಕು. ಎಷ್ಟೋ ಸಲ ಮಗು ಕುಡಿದ ತಾಯಿಯ ರಕ್ತವೇ ಹೊರಬಂದಿರುತ್ತದೆ. ಆದರೂ ತೀರ್ಮಾನ ವೈದ್ಯರದು.) ಅಮೆರಿಕ ಮತ್ತು ಯುರೋಪಿನ ಮಕ್ಕಳ ಜಠರರೋಗ ತಜ್ಞರು ಕೂಡಿ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಕ್ರಮ ನನಗೆ ಬಹಳ ಸಮಂಜಸವೆನಿಸುತ್ತದೆ. ಅವರು ಮೊದಲು ಔಷಧಿಗೆ ಹೋಗುವುದಿಲ್ಲ, ಹಾಲು ಕುಡಿಸುವ ಕ್ರಮವನ್ನು ತಿದ್ದುತ್ತಾರೆ. ಅದಾದ ಮೇಲೆ ಹಸುವಿನ ಹಾಲಿನ ಅಲರ್ಜಿ ಇದೆಯೇ ಎಂದು ನೋಡುತ್ತಾರೆ, ಯಾಕೆಂದರೆ ಅದು ರಿಫ್ಲಕ್ಸಿನ ವೇಷದಲ್ಲೇ ಬರುತ್ತದೆ. ಎದೆಹಾಲು ಕೊಡುವ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಹಾಲು ಹಾಕಿದ ಚಹಾ ಬಿಡಬೇಕು. ಬಾಟಲಿಯ ಮಗುವಿಗೆ ಬೇರೆ ಬಗೆಯ ಹಾಲಿನ ಪುಡಿ. ಕಡಿಮೆಯಾದರೆ ಮತ್ತೆ ಹಾಲು ತೆಗೆದುಕೊಂಡು ನೋಡಬೇಕು, ಆಗ ಮರಳಿ ಬಂದರೆ ಮಾತ್ರ ಅಲರ್ಜಿ ಖಚಿತ. ಹೀಗೆ ಮರಳಿ ನೋಡುವುದನ್ನು ಬಿಟ್ಟರೆ ಬಾಣಂತಿ ಕಾರಣವಿಲ್ಲದೆ ತಿಂಗಳುಗಟ್ಟಲೆ ಪಥ್ಯದಲ್ಲಿ ಸೊರಗುತ್ತಾಳೆ. ಇದೂ ಫಲಿಸದಿದ್ದಾಗ ತಜ್ಞರ ಬಳಿಗೆ, ಮತ್ತು ಆಮ್ಲ ತಗ್ಗಿಸುವ ಔಷಧಿ ನಾಲ್ಕರಿಂದ ಎಂಟು ವಾರಕ್ಕೆ. ಔಷಧಿ ಬರೆದುಕೊಟ್ಟರೆ ‘ಯಾವಾಗ ನಿಲ್ಲಿಸಬೇಕು’ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ.

ರೋಗವಾಗಿ ಬೆಳೆಯುವ ಸಂಭವ ಎಲ್ಲ ಮಕ್ಕಳಲ್ಲೂ ಒಂದೇ ಅಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ, ಅನ್ನನಾಳದ ಹುಟ್ಟು ದೋಷಕ್ಕೆ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮೆದುಳು ಮತ್ತು ನರಮಂಡಲದ ತೊಂದರೆಯಿರುವ ಮಕ್ಕಳಲ್ಲಿ ಅದು ಹೆಚ್ಚು. ಈ ಜಿಲ್ಲೆಯಲ್ಲಿ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳಲ್ಲಿ ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿರುವ ಮಕ್ಕಳನ್ನು ಎತ್ತಿ ಸಾಕಿದ ಮನೆಗಳಿವೆ. ಅಂಥ ಮಗು ವರ್ಷ ಕಳೆದರೂ ಕಕ್ಕುತ್ತಿದ್ದರೆ, ಊಟ ಮಾಡಿಸುವಾಗ ಕೆಮ್ಮಿ ಉಸಿರುಗಟ್ಟಿದರೆ, ಮೇಲೆ ಹೇಳಿದ ‘ತಾನಾಗಿ ಹೋಗುತ್ತದೆ’ ಎಂಬ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಕಕ್ಕುವುದು ಆ ಮಗುವಿನ ಸ್ವಭಾವ ಎಂದು ಒಪ್ಪಿಕೊಳ್ಳಬಾರದು, ಚಿಕಿತ್ಸೆ ಇದೆ.

ಕೊನೆಗೆ, ತೂಕವನ್ನೂ ಕಾಯಬಾರದಂಥ ಲಕ್ಷಣಗಳು. ಇದುವರೆಗೆ ಕಕ್ಕದ ಮಗು ಆರು ತಿಂಗಳಾದ ಮೇಲೆ ಹೊಸದಾಗಿ ವಾಂತಿ ಶುರುಮಾಡಿದರೆ, ಮೂರು ತಿಂಗಳೊಳಗಿನ ಕೂಸಿಗೆ ವಾಂತಿಯೊಂದಿಗೆ 100.4 ಡಿಗ್ರಿ ಅಥವಾ ಹೆಚ್ಚಿನ ಜ್ವರ ಬಂದರೆ, ನೆತ್ತಿಯ ಮೆತ್ತನೆಯ ಜಾಗ ಉಬ್ಬಿದರೆ, ಹೊಟ್ಟೆ ಬಿಗಿದರೆ, ಮಲದಲ್ಲಿ ರಕ್ತ ಕಂಡರೆ, ಆರೆಂಟು ಗಂಟೆ ಮೂತ್ರವೇ ಇಲ್ಲದಿದ್ದರೆ, ಮಗು ಎಬ್ಬಿಸಿದರೂ ಏಳದೆ ಸೋತು ಮಲಗಿದರೆ, ಅದೇ ದಿನ ವೈದ್ಯರು ನೋಡಬೇಕು. ಮೂತ್ರದ ಸೋಂಕಿನಿಂದ ಹಿಡಿದು ಮೆದುಳಿನ ಪೊರೆಯ ಸೋಂಕಿನವರೆಗೆ ಯಾವುದೂ ಇದರ ಹಿಂದಿರಬಹುದು. ಎಲ್ಲಕ್ಕಿಂತ ಅವಸರದ್ದು ಹಸಿರು ವಾಂತಿ. ಎಲೆ ಅರೆದ ರಸದಂತೆ ಹಸಿರಾದದ್ದು ಬಂದರೆ ಅದು ಪಿತ್ತ, ಅಂದರೆ ಕರುಳಿನ ದಾರಿ ಕೆಳಗೆಲ್ಲೋ ಕಟ್ಟಿದೆ ಎಂದು ಭಾವಿಸಲೇಬೇಕು. ಹುಟ್ಟುವಾಗಲೇ ಸರಿಯಾದ ಜಾಗದಲ್ಲಿ ಕೂರದ ಕರುಳು ತಿರುಚಿಕೊಂಡರೆ ಅದಕ್ಕೆ ಹೋಗುವ ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯುತ್ತದೆ. ಮೊದಲ ತಿಂಗಳಲ್ಲೇ ಇದು ಹೆಚ್ಚು. ಆರಂಭದಲ್ಲಿ ಹೊಟ್ಟೆ ಮೆತ್ತಗೇ ಇರಬಹುದು, ಮಗು ನಗುತ್ತಲೂ ಇರಬಹುದು, ಅದರಿಂದ ಮೋಸಹೋಗಬಾರದು. ದೃಷ್ಟಿ ತೆಗೆಯುವುದಿದ್ದರೆ ಹಿಂತಿರುಗಿ ಬಂದ ಮೇಲೆ ತೆಗೆಯಬಹುದು.

ಗಂಟೆಗಳ ಲೆಕ್ಕ ಕಾಸರಗೋಡಿನವರಿಗೆ ಬೇರೆಯವರಿಗಿಂತ ಹೆಚ್ಚು ಗೊತ್ತು. ಮಕ್ಕಳ ಶಸ್ತ್ರಚಿಕಿತ್ಸೆಯಂಥ ವಿಶೇಷ ಚಿಕಿತ್ಸೆಗೆ ನಾವು ಬಹುಪಾಲು ಮಂಗಳೂರನ್ನೋ ತೆಂಕಲಾಗಿ ಪರಿಯಾರಂನ ಮೆಡಿಕಲ್ ಕಾಲೇಜನ್ನೋ ನಂಬಿದವರು. 2020ರ ಮಾರ್ಚ್ ಕೊನೆಗೆ ತಲಪಾಡಿಯ ಗಡಿ ಮುಚ್ಚಿದಾಗ ಆ ನಂಬಿಕೆಯ ಬೆಲೆ ಎಷ್ಟೆಂದು ರೋಗಿಗಳ ಸಾವುಗಳಲ್ಲಿ ಕಂಡಿದ್ದೇವೆ. ಆದ್ದರಿಂದ ಹಸಿರು ವಾಂತಿಯಾದ ಮಗುವನ್ನು ಮೊದಲು ಊರಿನ ಕ್ಲಿನಿಕ್ಕು, ನಾಳೆ ಜನರಲ್ ಆಸ್ಪತ್ರೆ, ನಾಡಿದ್ದು ಮಂಗಳೂರು ಎಂದು ಮೆಟ್ಟಿಲು ಮೆಟ್ಟಿಲಾಗಿ ಕೊಂಡೊಯ್ಯುವುದರಲ್ಲಿ ಅರ್ಥವಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಮಕ್ಕಳ ಶಸ್ತ್ರಚಿಕಿತ್ಸಕರು ಎಲ್ಲಿ ಸಿಗುತ್ತಾರೆ ಎಂದು ಅಲ್ಲಿಂದಲೇ ಫೋನು ಮಾಡಿಸಿ, 108 ಆಂಬುಲೆನ್ಸಿನಲ್ಲಿ ಅದೇ ದಿನ, ರಾತ್ರಿಯಾದರೆ ಅದೇ ರಾತ್ರಿ ಹೊರಡಬೇಕು. ದಾರಿಯಲ್ಲಿ ಹಾಲು, ನೀರು, ಔಷಧಿ ಯಾವುದನ್ನೂ ಬಾಯಿಗೆ ಕೊಡಬಾರದು. ವೈದ್ಯರಿಗೆ ‘ವಾಂತಿ’ ಎಂದಷ್ಟೇ ಹೇಳದೆ ಯಾವಾಗ ಶುರುವಾಯಿತು, ಹರಿಯಿತೋ ಚಿಮ್ಮಿತೋ, ಯಾವ ಬಣ್ಣ, ಕೊನೆಯ ಸಲ ಮೂತ್ರ ಯಾವಾಗ ಎಂದು ಹೇಳಿ. ಮಲಯಾಳಂ ಮಾತಾಡುವ ವೈದ್ಯರ ಮುಂದೆ ಮಾತು ತಡವರಿಸಿದರೆ, ಒಗೆಯದೆ ತಂದ ಆ ಹಸಿರು ಕಲೆಯ ಬಟ್ಟೆಯನ್ನೂ ತೂಕ ಬರೆದ ಕಾರ್ಡನ್ನೂ ಮೇಜಿನ ಮೇಲೆ ಇಡಿ.